ಹಳೇ ಎಚ್‌ಎಂಟಿ ಜನತಾ: ಹೊಳೆಯೋದಕ್ಕೆ ದುಡ್ಡು ಕೊಡಬೇಡಿ ಮಾರಾಯ್ರೇ

ಕಳೆದ ಎಪಿಸೋಡ್ ಆದ್ಮೇಲೆ ಸುಳ್ಯ, ಕಡಬ ಕಡೆಯಿಂದ ಬಂದ ಮೆಸೇಜ್‌ಗಳಲ್ಲಿ ಹೆಚ್ಚಿನವು ಒಂದೇ ಥರ ಇದ್ದವು. "ಅಜ್ಜನ ಕಪಾಟಿನಲ್ಲಿ ಕೀ ಕೊಡೋ ವಾಚು ಸಿಕ್ಕಿದೆ, ಎಷ್ಟಾಗ್ತದೆ?" ಇಲ್ಲಾಂದ್ರೆ, "ಆನ್‌ಲೈನ್‌ನಲ್ಲಿ ಒಂದು ನೋಡಿದೆ, ತಗೊಳ್ಳಬಹುದಾ?" ಹಾಗಾಗಿ ಇವತ್ತು ಒಂದೇ ವಾಚಿನ ಬಗ್ಗೆ ಮಾತಾಡುವ. ಎಚ್‌ಎಂಟಿ ಜನತಾ. ನಮ್ಮೂರಿನ ಮನೆಗಳಲ್ಲಿ ಸಿಗೋ ಚಾನ್ಸ್ ಜಾಸ್ತಿ ಇರೋದೂ ಅದಕ್ಕೇ.

ಹಿನ್ನೆಲೆ ಸ್ವಲ್ಪ ಹೇಳ್ತೇನೆ. 1961ರಲ್ಲಿ ಬೆಂಗಳೂರಿನಲ್ಲಿ ಎಚ್‌ಎಂಟಿಯ ವಾಚ್ ಫ್ಯಾಕ್ಟರಿ ಶುರುವಾಯ್ತು, ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ. ಮುಂದೆ ತುಮಕೂರಿನಲ್ಲೂ ಒಂದು ಫ್ಯಾಕ್ಟರಿ ಬಂತು. 2016ರಲ್ಲಿ ಎಚ್‌ಎಂಟಿ ವಾಚಸ್ ಕಂಪನಿಯನ್ನು ಮುಚ್ಚುವ ತೀರ್ಮಾನ ಆಯ್ತು. ಅಲ್ಲಿಂದೀಚೆಗೆ ಹಳೇ ವಾಚುಗಳಿಗೆ ಒಂದು ಮಾರುಕಟ್ಟೆ ಎದ್ದಿದೆ. ಮಾರುಕಟ್ಟೆ ಎದ್ದಲ್ಲಿ ಪೇಂಟ್ ಡಬ್ಬಿಯೂ ಬರ್ತದೆ. ವಿಷಯ ಇರೋದೇ ಇಲ್ಲಿ.

ಆನ್‌ಲೈನ್‌ನಲ್ಲಿ ನೀವು ನೋಡೋ ಗಿಳಿಹಸಿರು, ಗುಲಾಬಿ, ನವಿಲುನೀಲಿ ಡಯಲ್‌ನ ಎಚ್‌ಎಂಟಿಗಳಲ್ಲಿ ಬಹುಪಾಲು ಫ್ಯಾಕ್ಟರಿಯಿಂದ ಹಾಗೆ ಬಂದದ್ದಲ್ಲ. ಹಳೇ ಡಯಲ್‌ನ ಮೇಲ್ಮೈ ಕೆರೆದು, ಹೊಸ ಬಣ್ಣ ಹೊಡೆದು, ಅಕ್ಷರಗಳನ್ನ ಮತ್ತೆ ಅಚ್ಚು ಹಾಕಿರ್ತಾರೆ. ಇದಕ್ಕೆ ರೀಡಯಲ್ ಅಂತಾರೆ. ನಡೆಯೋ ವಾಚು ಬೇಕು ಅಂತ ಸಾವಿರ ರೂಪಾಯಿ ಒಳಗೆ ತಗೊಂಡ್ರೆ ತಪ್ಪೇನಿಲ್ಲ. ಆದ್ರೆ ಅದನ್ನೇ "ಒರಿಜಿನಲ್, ಬಳಸದ ಹಳೇ ಸ್ಟಾಕ್" ಅಂತ ಮೂರು ಪಟ್ಟು ಬೆಲೆಗೆ ಕೊಡ್ತಾರಲ್ಲ, ಅಲ್ಲಿ ಟೋಪಿ ಬೀಳೋದು.

ಕಂಡುಹಿಡಿಯೋದು ಹೇಗೆ? ಮಾರುವವರ ಹತ್ರ ಡಯಲ್‌ನ ಹತ್ತಿರದ ಫೋಟೋ ಕೇಳಿ, ಜೂಮ್ ಮಾಡಿ. ಫ್ಯಾಕ್ಟರಿ ಅಕ್ಷರ ತೆಳು, ಅಂಚು ಚೂಪು, ಎಲ್ಲಾ ಗೆರೆ ಒಂದೇ ದಪ್ಪ. ರೀಡಯಲ್‌ನಲ್ಲಿ ಅಕ್ಷರ ಊದಿಕೊಂಡ ಹಾಗೆ ಕಾಣ್ತದೆ, ಕೆಲವು ಕಡೆ ಶಾಯಿ ಹರಡಿರ್ತದೆ. ಆಮೇಲೆ ಅಂಚಿನ ನಿಮಿಷದ ಗೆರೆಗಳನ್ನ ನೋಡಿ. 3, 6, 9ರ ಎದುರಿನ ಲೋಹದ ಕಡ್ಡಿಗಳಿಗೆ ಅವು ನೇರವಾಗಿ ಕೂರ್ಬೇಕು. ಕೂದಲೆಳೆ ಆಚೀಚೆ ಆಗಿದ್ರೆ ಅನುಮಾನ ಪಡಿ. ಕಡ್ಡಿಗಳ ಬುಡದಲ್ಲಿ ಬಣ್ಣ ಗುಡ್ಡೆ ಕಟ್ಟಿದ್ರೆ ಮತ್ತೆ ಯೋಚನೆ ಮಾಡೋದೇ ಬೇಡ.

ಇನ್ನೊಂದು ತರಲೆ ಉಂಟು. ಎಚ್‌ಎಂಟಿಯವರು ಹಲವು ಮಾಡೆಲ್‌ಗಳಿಗೆ ಒಂದೇ ಬಗೆಯ ಮೆಷಿನ್ ಹಾಕಿದ್ದಾರೆ. ರಿಪೇರಿಗೆ ಅದು ಒಳ್ಳೇದೇ, ಹಳೇ ವಾಚಿನಿಂದ ಬಿಡಿಭಾಗ ತೆಗೀಬಹುದು. ಆದ್ರೆ ಜನತಾದ ಮೆಷಿನ್ ಮೇಲೆ ಪೈಲಟ್‌ನ ಡಯಲ್ ಕೂರಿಸಿ, ಮುಳ್ಳು ಇನ್ಯಾವುದರದ್ದೋ ಹಾಕಿ ಮಾರೋದೂ ಅಷ್ಟೇ ಸುಲಭ. ಕಪ್ಪು ಡಯಲ್‌ನ ಪೈಲಟ್‌ಗೆ ಬೇಡಿಕೆ ಹೆಚ್ಚು, ಮೋಸವೂ ಹೆಚ್ಚು. ಮೊದಲ ವಾಚಾಗಿ ಅದನ್ನ ಹುಡುಕಬೇಡಿ ಅಂತ ನನ್ನ ಸಲಹೆ.

ಈಗ ಒಂದು ಕೇಸ್ ನೋಡುವ. ಪುತ್ತೂರಿನ ಕೇಳುಗರೊಬ್ಬರಿಗೆ ಹಳೇ ರಿಪೇರಿ ಅಂಗಡಿಯ ಡ್ರಾವರಿನಲ್ಲಿ ಒಂದು ಜನತಾ ಸಿಕ್ಕಿತು. ಬಿಳಿ ಡಯಲ್ ಅಂಚಿನಲ್ಲಿ ಚಹಾ ಬಣ್ಣಕ್ಕೆ ತಿರುಗಿದೆ. ಅಂಗಡಿಯವರು ಕೇಳಿದ್ದು 2,500 ರೂಪಾಯಿ. ಜೊತೆಗೆ ಒಂದು ಆಫರ್: "ಬೇಕಾದ್ರೆ ಡಯಲ್‌ಗೆ ಪೇಂಟ್ ಹೊಡ್ಸಿ ಹೊಸತರ ಹಾಗೆ ಮಾಡಿ ಕೊಡುವ."

ನಾನು ಹೇಳಿದ್ದು: ಡಯಲ್ ಮುಟ್ಟಲಿಕ್ಕೆ ಬಿಡ್ಬೇಡಿ. ಅಕ್ಷರ ಚೂಪಾಗಿ ಉಳಿದಿದೆ, ಬಣ್ಣ ಮಾತ್ರ ಮಾಸಿದೆ. ನಮ್ಮ ಮಳೆಗಾಲ ಗೊತ್ತಲ್ಲ, ಕಪಾಟಿನಲ್ಲಿಟ್ಟ ಚಪ್ಪಲಿಗೇ ಬೂಸ್ಟು ಹಿಡೀತದೆ. ಈ ಊರಲ್ಲಿ ಅಷ್ಟು ವರ್ಷ ಇದ್ದ ವಾಚಿನ ಡಯಲ್ ಹಾಲಿನ ಬಿಳುಪಿನಲ್ಲಿದ್ರೇನೇ ಪ್ರಶ್ನೆ ಕೇಳಬೇಕಾದ್ದು. ಒಮ್ಮೆ ಕೆರೆದ ಡಯಲ್ ವಾಪಸ್ ಬರೋದಿಲ್ಲ. ಉಳಿದದ್ದೆಲ್ಲ ರಿಪೇರಿ ಆಗ್ತದೆ.

ಆಮೇಲೆ ಅಲ್ಲೇ ಹಿಂದಿನ ಮುಚ್ಚಳ ತೆಗೆಸಿದ್ರು. ಇದನ್ನ ನೀವೇ ಚಾಕು ಹಾಕಿ ತೆಗೀಲಿಕ್ಕೆ ಹೋಗ್ಬೇಡಿ. ಮೆಷಿನ್ ಮೇಲೆ ಎಚ್‌ಎಂಟಿ ಹೆಸರು ಇತ್ತು, 17 ಜ್ಯುವೆಲ್ಸ್ ಅಂತ ಕೆತ್ತಿತ್ತು. ಸ್ಕ್ರೂಗಳ ತಲೆ ಕಿತ್ತುಹೋಗಿರಲಿಲ್ಲ, ಅಂದ್ರೆ ಒರಟು ಕೈ ಬಿದ್ದಿಲ್ಲ. ಮುಚ್ಚಳದ ಒಳಗೆ ಸೂಜಿಯಲ್ಲಿ ಗೀಚಿದ ಮೂರು ಸಣ್ಣ ಗುರುತು ಇದ್ದವು. ಸರ್ವಿಸ್ ಮಾಡಿದಾಗೆಲ್ಲ ರಿಪೇರಿಯವರು ಹಾಗೆ ಬರೆದಿಡ್ತಿದ್ರು. ಅದು ಒಳ್ಳೇ ಲಕ್ಷಣ, ಯಾರೋ ಆ ವಾಚನ್ನ ನೋಡಿಕೊಂಡಿದ್ದಾರೆ.

ಕೆಟ್ಟ ಸುದ್ದಿ ಇದ್ದದ್ದು ಕೀಯ ಬುಡದಲ್ಲಿ. ಕೀ ಒಳಗೆ ಹೋಗೋ ಕಡ್ಡಿಗೆ ತುಕ್ಕು. ನೀರು, ಬೆವರು ಮೊದಲು ನುಗ್ಗೋದೇ ಆ ತೂತಿನಿಂದ. ತುಕ್ಕು ಕಡ್ಡಿಯಲ್ಲಿ ಮಾತ್ರ ಇದ್ರೆ ಕಡ್ಡಿ ಬದಲಿಸಿದ್ರೆ ಮುಗೀತು. ಒಳಗಿನ ಚಕ್ರಗಳ ಹಲ್ಲಿಗೂ ಕೆಂಪು ಹತ್ತಿದ್ರೆ, ಡಯಲ್ ಎಷ್ಟೇ ಚಂದ ಇರಲಿ, ಬಿಟ್ಟುಬಿಡಿ. ಇದರಲ್ಲಿ ಹಲ್ಲುಗಳು ಕ್ಲೀನ್ ಇದ್ದವು.

ಕೇಸ್ ಕೂಡ ನೋಡಿ. "ಸ್ಟೇನ್‌ಲೆಸ್ ಸ್ಟೀಲ್ ಬ್ಯಾಕ್" ಅಂತ ಬರೆದಿದ್ರೆ ಸ್ಟೀಲ್ ಇರೋದು ಹಿಂದಿನ ಮುಚ್ಚಳ ಮಾತ್ರ. ಉಳಿದದ್ದು ಸಾಮಾನ್ಯವಾಗಿ ಹಿತ್ತಾಳೆ, ಮೇಲೆ ಕ್ರೋಮ್ ಲೇಪ. ತೋಟದ ಕೆಲಸದ ಬೆವರಿಗೆ ಆ ಲೇಪ ಬೆಲ್ಟಿನ ಬುಡದಲ್ಲಿ ಎದ್ದು ಗುಳಿ ಬೀಳ್ತದೆ, ಹಸಿರು ಕಿಲುಬು ಕಾಣ್ತದೆ. ನಮ್ಮ ಕೇಸ್‌ನಲ್ಲಿ ಎರಡು ಗುಳಿ ಇತ್ತು. ಬೆಲ್ಟು ಮುಚ್ಚುವ ಜಾಗ, ಸಹಿಸಬಹುದು. ಗ್ಲಾಸು ಗೀರಿದ್ರೆ ತಲೆಬಿಸಿ ಬೇಡ. ಅದು ಪ್ಲಾಸ್ಟಿಕ್‌ನಂಥದ್ದು, ಸುಲಭದಲ್ಲಿ ಬದಲಿಸಬಹುದು. ಬದಲಿಸಿದ ಗ್ಲಾಸು, ಬೆಲ್ಟು ಇದ್ರೆ ಬೆಲೆ ಇಳಿಸಬೇಕಾಗಿಲ್ಲ.

ಇನ್ನು ಓಟ. ಈ ಮೆಷಿನ್ ಗಂಟೆಗೆ 18,000 ಸಲ, ಅಂದ್ರೆ ಸೆಕೆಂಡಿಗೆ 5 ಸಲ ಟಿಕ್ ಅನ್ನಬೇಕು. ಫೋನಿನ ಮೈಕ್‌ನಲ್ಲಿ ಟಿಕ್ ಕೇಳಿ ಅಳೆಯೋ ಆ್ಯಪ್‌ಗಳು ಇವೆ. ಫ್ಯಾನ್ ಆಫ್ ಮಾಡಿ, ಮೈಕಿಗೆ ವಾಚು ತಾಗಿಸಿ ಹಿಡೀರಿ, ಸ್ಪೀಕರ್ ಕಡೆಗಲ್ಲ. ಸ್ಪೀಕರಿನಲ್ಲಿ ಅಯಸ್ಕಾಂತ ಉಂಟು, ವಾಚಿನ ಸ್ಪ್ರಿಂಗಿಗೆ ಆಗಿಬರೋದಿಲ್ಲ. ಆ್ಯಪ್ ಬೇಡಾಂದ್ರೆ ಕೀ ಪೂರ್ತಿ ಕೊಟ್ಟು, ಫೋನಿನ ಟೈಮಿಗೆ ಹೊಂದಿಸಿ, 24 ಗಂಟೆ ಬಿಟ್ಟು ನೋಡಿ. ಅರ್ಧ ನಿಮಿಷದೊಳಗಿನ ವ್ಯತ್ಯಾಸ ಈ ವಯಸ್ಸಿಗೆ ಚೆನ್ನಾಗಿಯೇ ಉಂಟು. ಪುತ್ತೂರಿನ ವಾಚು ದಿನಕ್ಕೆ 3 ನಿಮಿಷ ಹಿಂದೆ ಬೀಳ್ತಿತ್ತು. ಒಳಗಿನ ಎಣ್ಣೆ ಒಣಗಿ ಅಂಟಾದಾಗ ಹೀಗಾಗೋದು ಮಾಮೂಲು. ಬಿಚ್ಚಿ ತೊಳೆದು ಎಣ್ಣೆ ಹಾಕಬೇಕು.

ಈಗ ಲೆಕ್ಕ. ಬೆಲೆ ನೋಡುವಾಗ ಮಾರುವವರು ಕೇಳ್ತಿರೋ ರೇಟ್ ಬಿಡಿ, ನಿಜವಾಗಿ ಮಾರಾಟ ಆದ ರೇಟ್ ಹುಡುಕಿ. ನಮ್ಮ ಕೇಳುಗರು ಕೇಳಿ ನೋಡಿದಾಗ, ಸರ್ವಿಸ್ ಆದ, ಒರಿಜಿನಲ್ ಡಯಲ್‌ನ ಇಂಥದ್ದೇ ಜನತಾ 2,500ರ ಆಸುಪಾಸಿನಲ್ಲಿ ಹೋಗಿತ್ತು. ಅಂದ್ರೆ ಅಂಗಡಿಯವರು ಕೇಳಿದ್ದು ರಿಪೇರಿ ಆದ ವಾಚಿನ ಬೆಲೆ. ಸರ್ವಿಸ್‌ಗೆ 700, ಕಡ್ಡಿ ಮತ್ತು ಕೀಗೆ 250, ಗ್ಲಾಸಿಗೆ 150. ಒಟ್ಟು 1,100 ಕಳೆದ್ರೆ 1,400. ಕೇಸಿನ ಗುಳಿಗೆ ಇನ್ನೊಂದು 100 ಇಳಿಸಿ 1,300 ಹೇಳಿ ಅಂದೆ. ಚೌಕಾಸಿ ಆಗಿ 1,500ಕ್ಕೆ ನಿಂತಿತು. 200 ಹೆಚ್ಚಾಯ್ತು ನಿಜ, ಆದ್ರೆ ಮುಚ್ಚಳ ತೆಗೆದು ತೋರಿಸಿದ ಅಂಗಡಿಗೆ ಅಷ್ಟು ಕೊಡಬಹುದು. ಫೋಟೋ ಮಾತ್ರ ಕಳಿಸಿ, ಮೆಷಿನ್ ತೋರಿಸಲ್ಲ ಅನ್ನೋರಿಗೆ ಒಂದು ರೂಪಾಯಿಯೂ ಮೊದಲು ಹಾಕಬೇಡಿ.

ಅಜ್ಜನ ವಾಚು ಕೈಲಿರೋರಿಗೆ ಒಂದು ಮಾತು. ವರ್ಷಗಟ್ಟಲೆ ನಿಂತ ವಾಚಿಗೆ ಸಿಕ್ಕಿದ ಕೂಡಲೇ ಕೀ ಕೊಟ್ಟು ಓಡಿಸಬೇಡಿ. ಎಣ್ಣೆ ಇಲ್ಲದೆ ಓಡಿದ್ರೆ ಒಳಗಿನ ಸಣ್ಣ ಮೊಳೆಗಳು ಸವೀತವೆ. ಮೊದಲು ಸರ್ವಿಸ್‌ಗೆ ಕೊಡಿ. ಕೊಡುವಾಗ ಡಯಲ್, ಮುಳ್ಳು, ಮೆಷಿನ್ ಮೂರರದ್ದೂ ಫೋಟೋ ತೆಗೆದಿಟ್ಟುಕೊಳ್ಳಿ, "ಪಾಲಿಶ್ ಬೇಡ, ಪೇಂಟ್ ಬೇಡ, ತೆಗೆದ ಹಳೇ ಪಾರ್ಟ್ ವಾಪಸ್ ಬೇಕು" ಅಂತ ಚೀಟಿಯಲ್ಲೇ ಬರೆಸಿ. ಜೂನ್ ಬಂದ್ಮೇಲೆ ಗಾಳಿ ಆಡದ ಡಬ್ಬಿಯಲ್ಲಿ, ಶೂ ಬಾಕ್ಸಿನಲ್ಲಿ ಬರ್ತದಲ್ಲ ಆ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಟ್ಟರೆ ಆಯ್ತು.