ಜೆಲ್ ಫೋಟೊ ಮುಂದಿಟ್ಟು ಕೇಳುವ ಪ್ರಶ್ನೆಗಳು

ಪಿಸಿಆರ್ ಎಂದರೇನು ಎಂಬ ಪ್ರಶ್ನೆಗೆ ವೈವಾದಲ್ಲಿ ತಡವರಿಸುವವರು ಕಡಿಮೆ. ಡಿಎನ್‌ಎಯ ಬೇಕಾದ ತುಣುಕನ್ನಷ್ಟೇ ಕೋಟಿಗಟ್ಟಲೆ ನಕಲು ಮಾಡುವ ವಿಧಾನ, 1983ರಲ್ಲಿ ಕ್ಯಾರಿ ಮಲ್ಲಿಸ್ ಅವರಿಗೆ ಹೊಳೆದದ್ದು, ಅದಕ್ಕೆ 1993ರಲ್ಲಿ ನೊಬೆಲ್ ಬಂತು. ಇಷ್ಟು ಒಪ್ಪಿಸಿದ ಮೇಲೆ ಹೊರಗಿನಿಂದ ಬಂದ ಪರೀಕ್ಷಕರು ರೆಕಾರ್ಡ್ ಪುಸ್ತಕ ಪಕ್ಕಕ್ಕಿಟ್ಟು ವಿದ್ಯಾರ್ಥಿಯ ಜೆಲ್ ಫೋಟೊ ಕೈಗೆ ತೆಗೆದುಕೊಳ್ಳುತ್ತಾರೆ. ಕಷ್ಟ ಶುರುವಾಗುವುದು ಅಲ್ಲಿಂದ. ಹಾಗಾಗಿ ತಯಾರಿಯೂ ಅಲ್ಲಿಂದಲೇ ಶುರುವಾಗಲಿ ಎಂಬುದು ನನ್ನ ಅಭಿಪ್ರಾಯ.

ಬಯೋಟೆಕ್ನಾಲಜಿ, ಮೈಕ್ರೋಬಯಾಲಜಿ ತರಗತಿಗಳಲ್ಲಿ ಸಾಮಾನ್ಯವಾಗಿ ಮಾಡಿಸುವ ಒಂದು ಪ್ರಯೋಗವನ್ನೇ ತೆಗೆದುಕೊಳ್ಳೋಣ. ಮಣ್ಣಿನಿಂದ ಬೆಳೆಸಿದ ಒಂದು ಬ್ಯಾಕ್ಟೀರಿಯಾದ 16ಎಸ್ ಜೀನನ್ನು 27F ಮತ್ತು 1492R ಎಂಬ ಪ್ರೈಮರ್ ಜೋಡಿಯಿಂದ ನಕಲು ಮಾಡುವುದು. ಈ ಜೀನ್ ಎಲ್ಲ ಬ್ಯಾಕ್ಟೀರಿಯಾಗಳಲ್ಲೂ ಇರುತ್ತದೆ, ನಕಲಿನ ಉದ್ದ ಸುಮಾರು 1500 ಬೇಸ್ ಜೋಡಿ. ಒಂದು ಪರ್ಸೆಂಟ್ ಅಗರೋಸ್ ಜೆಲ್‌ನಲ್ಲಿ ನಾಲ್ಕು ಲೇನ್‌ಗಳಿವೆ ಎಂದುಕೊಳ್ಳಿ. ಮೊದಲನೆಯದರಲ್ಲಿ ಅಳತೆಪಟ್ಟಿಯ ಕೆಲಸ ಮಾಡುವ ಲ್ಯಾಡರ್. ಎರಡರಲ್ಲಿ ನಮ್ಮ ಸ್ಯಾಂಪಲ್. ಮೂರರಲ್ಲಿ ಪಾಸಿಟಿವ್ ಕಂಟ್ರೋಲ್, ಅಂದರೆ ಖಂಡಿತ ಕೆಲಸ ಮಾಡುತ್ತದೆಂದು ಗೊತ್ತಿರುವ ಡಿಎನ್‌ಎ. ನಾಲ್ಕರಲ್ಲಿ ಡಿಎನ್‌ಎ ಬದಲು ಬರೀ ನೀರು ಹಾಕಿದ ನೆಗೆಟಿವ್ ಕಂಟ್ರೋಲ್.

ಮೊದಲು ಸುಲಭದ ಪ್ರಶ್ನೆಗಳು ಬರುತ್ತವೆ. ಡಿಎನ್‌ಎ ಯಾವ ಕಡೆಗೆ ಓಡಿತು, ಯಾಕೆ? ಅದರ ಫಾಸ್ಫೇಟ್‌ಗಳಿಗೆ ಋಣ ವಿದ್ಯುದಾವೇಶವಿದೆ, ಆದ್ದರಿಂದ ಧನ ಧ್ರುವದ ಕಡೆಗೆ, ಅಂದರೆ ಕೆಂಪು ವೈರಿನ ಕಡೆಗೆ. ಚಿಕ್ಕ ತುಣುಕು ಜೆಲ್‌ನ ಜಾಲರಿಯಲ್ಲಿ ಬೇಗ ನುಸುಳಿ ಮುಂದೆ ಹೋಗುತ್ತದೆ, ದೊಡ್ಡದು ಹಿಂದೆ ಉಳಿಯುತ್ತದೆ. ಜೆಲ್ ಓಡುವಾಗ ಕಂಡ ನೀಲಿ ಗೆರೆ ಡಿಎನ್‌ಎಯೇ? ಅಲ್ಲ. ಅದು ಬ್ರೋಮೋಫಿನಾಲ್ ಬ್ಲೂ ಎಂಬ ಬಣ್ಣ, ಓಟ ಎಲ್ಲಿಗೆ ಬಂತೆಂದು ತಿಳಿಯಲಷ್ಟೇ ಹಾಕಿದ್ದು. ಅದರ ಜೊತೆಗಿರುವ ಗ್ಲಿಸರಾಲ್ ಸ್ಯಾಂಪಲ್‌ಗೆ ಭಾರ ಕೊಟ್ಟು ಗುಳಿಯ ತಳದಲ್ಲಿ ಕೂರಿಸುತ್ತದೆ. ಡಿಎನ್‌ಎ ಕಾಣುವುದು ಎಥಿಡಿಯಂ ಬ್ರೋಮೈಡ್ ಅದರ ಬೇಸ್‌ಗಳ ನಡುವೆ ಸೇರಿ, ಯುವಿ ಬೆಳಕಿನಲ್ಲಿ ಕಿತ್ತಳೆ ಬಣ್ಣದಲ್ಲಿ ಹೊಳೆಯುವುದರಿಂದ. ಗ್ಲೌಸ್ ಯಾಕೆ ಹಾಕಿದೆ ಎಂದು ಕೇಳಿದರೂ ಉತ್ತರ ಇಲ್ಲೇ ಇದೆ: ಡಿಎನ್‌ಎಗೆ ಅಂಟುವ ವಸ್ತು ನಮ್ಮ ಡಿಎನ್‌ಎಯನ್ನೂ ಬಿಡಲಿಕ್ಕಿಲ್ಲ.

ಇನ್ನು ಸ್ವಲ್ಪ ಲೆಕ್ಕ. 72 ಡಿಗ್ರಿಯಲ್ಲಿ ಒಂದೂವರೆ ನಿಮಿಷ ಯಾಕೆ ಕೊಟ್ಟೆ ಎಂದರೆ, ಟ್ಯಾಕ್ ಪಾಲಿಮರೇಸ್ ನಿಮಿಷಕ್ಕೆ ಸುಮಾರು ಒಂದು ಸಾವಿರ ಬೇಸ್ ಜೋಡಿಸುತ್ತದೆಂದು ಹಿಡಿದರೆ 1500ಕ್ಕೆ ಅಷ್ಟು ಹೊತ್ತು ಬೇಕು. 30 ಸೈಕಲ್‌ಗೆ ಎಷ್ಟು ನಕಲು ಎಂದರೆ, ಒಂದು ಅಣುವಿನಿಂದ 2³⁰, ಅಂದರೆ ಸುಮಾರು 107 ಕೋಟಿ. ಇದು ಕಾಗದದ ಲೆಕ್ಕ ಎಂದೂ ಸೇರಿಸಿ. ಕೊನೆಯ ಸೈಕಲ್‌ಗಳಲ್ಲಿ ಕಿಣ್ವ ದಣಿದು, ನಕಲಿನ ಎಳೆಗಳು ಪ್ರೈಮರ್‌ಗೆ ಅವಕಾಶ ಕೊಡದೆ ತಮ್ಮಲ್ಲೇ ಜೋಡಿಯಾಗತೊಡಗುವುದರಿಂದ ದುಪ್ಪಟ್ಟಾಗುವುದು ನಿಲ್ಲುತ್ತದೆ.

ಇದರ ಬೆನ್ನಲ್ಲೇ ಜಾಣರನ್ನೂ ಎಡವಿಸುವ ಪ್ರಶ್ನೆಯೊಂದು ಬರಬಹುದು: ಸರಿಯಾದ ಉದ್ದದ ಎರಡೆಳೆಯ ತುಣುಕು ಮೊದಲು ಹುಟ್ಟುವುದು ಎಷ್ಟನೇ ಸೈಕಲ್‌ನಲ್ಲಿ? ಹೆಚ್ಚಿನವರು ಮೊದಲನೆಯದು ಎನ್ನುತ್ತಾರೆ. ಸರಿ ಉತ್ತರ ಮೂರನೆಯದು. ಮೊದಲ ಸೈಕಲ್‌ನ ಹೊಸ ಎಳೆ ಒಂದು ಪ್ರೈಮರ್‌ನಿಂದ ಹೊರಟು, ತಡೆಯುವವರಿಲ್ಲದೆ ಜೀನ್ ದಾಟಿ ಮುಂದೆ ಹೋಗುತ್ತದೆ. ಎರಡನೇ ಸೈಕಲ್‌ನಲ್ಲಿ ಇನ್ನೊಂದು ಪ್ರೈಮರ್ ಆ ಎಳೆಯ ಮೇಲೆ ಕೂತು ಹೊರಟಾಗ ಅದರ ತುದಿಯಲ್ಲೇ ನಿಲ್ಲಬೇಕಾಗುತ್ತದೆ. ಆಗ ಎರಡೂ ಕೊನೆ ಸರಿಯಿರುವ ಎಳೆ ಸಿಗುತ್ತದೆ, ಆದರೆ ಅದರ ಜೊತೆಗಾರ ಎಳೆ ಇನ್ನೂ ಉದ್ದವೇ. ಮೂರನೆಯದರಲ್ಲಿ ಎಂಟು ಅಣುಗಳ ಪೈಕಿ ಎರಡು ಮಾತ್ರ ಪೂರ್ತಿ ಸರಿಯಾಗಿರುತ್ತವೆ. ಪೆನ್ಸಿಲ್ ಹಿಡಿದು ಒಮ್ಮೆ ಗೆರೆ ಎಳೆದು ನೋಡಿದವರು ಇದನ್ನು ಮರೆಯುವುದಿಲ್ಲ.

ಈಗ ಫೋಟೊದ ನಾಲ್ಕನೇ ಲೇನ್‌ಗೆ ಬರೋಣ. ಅಲ್ಲಿ 1500ರ ಹತ್ತಿರ ಮಂಕಾದ ಒಂದು ಬ್ಯಾಂಡ್ ಇದೆ.

“ನೀರು ಹಾಕಿದ ಲೇನ್‌ನಲ್ಲಿ ಬ್ಯಾಂಡ್ ಹೇಗೆ ಬಂತಮ್ಮ?”

“ಪ್ರೈಮರ್ ಡೈಮರ್ ಇರಬಹುದು ಸರ್.”

ಕೇಳಿದ ಕೂಡಲೇ ಬಾಯಿಗೆ ಬರುವ ಉತ್ತರ ಇದು, ಆದರೆ ಇಲ್ಲಿ ತಪ್ಪು. ಪ್ರೈಮರ್‌ಗಳು ಒಂದಕ್ಕೊಂದು ಅಂಟಿ ಆಗುವ ಡೈಮರ್ 100 ಬೇಸ್‌ಗಿಂತ ಚಿಕ್ಕದು, ಜೆಲ್‌ನ ಕೆಳತುದಿಯಲ್ಲಿ ಮಸುಕಾಗಿ ಕಾಣುತ್ತದೆ. ಸ್ಯಾಂಪಲ್‌ನ ಬ್ಯಾಂಡಿನ ಮಟ್ಟದಲ್ಲೇ ನೀರಿನ ಲೇನಿನ ಬ್ಯಾಂಡೂ ಇದ್ದರೆ ಅದು ಕಲಬೆರಕೆ, ಅಂದರೆ ಎಲ್ಲಿಂದಲೋ ಬ್ಯಾಕ್ಟೀರಿಯಾದ ಡಿಎನ್‌ಎ ಟ್ಯೂಬಿಗೆ ಸೇರಿದೆ. ಪಿಪೆಟ್, ನೀರು, ಹಿಂದಿನ ವಾರದ ಪಿಸಿಆರ್ ಟ್ಯೂಬ್ ತೆರೆದಾಗ ಹಾರಿದ ಹನಿ, ಯಾವುದೂ ಆಗಬಹುದು. 16ಎಸ್ ಪ್ರಯೋಗಕ್ಕೆ ಮಾತ್ರ ವಿಶೇಷವಾದ ಇನ್ನೊಂದು ಮೂಲವೂ ಇದೆ. ಟ್ಯಾಕ್ ಕಿಣ್ವ ಮೂಲತಃ ಬಿಸಿನೀರಿನ ಬುಗ್ಗೆಯ ಥರ್ಮಸ್ ಅಕ್ವಾಟಿಕಸ್‌ನದಾದರೂ, ಇಂದು ಅದನ್ನು ಹೆಚ್ಚಾಗಿ ಇ. ಕೋಲಿಯಲ್ಲಿ ತಯಾರಿಸುತ್ತಾರೆ. ಶುದ್ಧೀಕರಿಸಿದ ಮೇಲೂ ಆ ಇ. ಕೋಲಿಯ ಡಿಎನ್‌ಎ ಚೂರುಪಾರು ಉಳಿದಿರಬಹುದು. ನಮ್ಮ ಪ್ರೈಮರ್ ಯಾವ ಬ್ಯಾಕ್ಟೀರಿಯಾವನ್ನೂ ಬಿಡುವುದಿಲ್ಲವಾದ್ದರಿಂದ ಅದನ್ನೂ ನಕಲು ಮಾಡುತ್ತದೆ. ಮನುಷ್ಯರ ಯಾವುದೋ ಜೀನಿಗೆ ಇದೇ ಕಿಣ್ವ ಬಳಸಿದ್ದರೆ ಈ ಬ್ಯಾಂಡ್ ಕಾಣುತ್ತಲೇ ಇರಲಿಲ್ಲ.

“ಹಾಗಾದರೆ ಎರಡನೇ ಲೇನಿನ ಫಲಿತಾಂಶವನ್ನು ಏನಂತ ಬರೆಯುತ್ತೀಯ?”

ನೆಗೆಟಿವ್ ಕಂಟ್ರೋಲ್ ಕೆಟ್ಟಿರುವುದರಿಂದ ಈ ಸಲದ ಪ್ರಯೋಗ ಒಪ್ಪಲಾಗದು, ಮತ್ತೆ ಮಾಡಬೇಕು ಎಂದು ನೇರವಾಗಿ ಹೇಳಿ. ಹೇಗೆ ಎಂಬುದನ್ನೂ ಹೇಳಿ: ಮೊದಲು ಹೊಸ ನೀರು, ಆಮೇಲೆ ಹೊಸ ಪ್ರೈಮರ್, ಕೊನೆಗೆ ಬೇರೆ ಟ್ಯಾಕ್, ಹೀಗೆ ಒಂದೊಂದಾಗಿ ಬದಲಿಸುತ್ತಾ ಹೋದರೆ ಯಾವುದನ್ನು ಬದಲಿಸಿದಾಗ ಬ್ಯಾಂಡ್ ಮಾಯವಾಯಿತೋ ಅದೇ ಕಳ್ಳ. ಬ್ಯಾಂಡ್ ಮಂಕಾಗಿದೆ, ಬಿಟ್ಟುಬಿಡಬಹುದು ಎನ್ನುವ ವಿದ್ಯಾರ್ಥಿಗೆ ನಾನಾಗಿದ್ದರೆ ಅಂಕ ಕಳೆಯುತ್ತೇನೆ.

ಕೆಲವರಿಗೆ ಇದರ ಉಲ್ಟಾ ಜೆಲ್ ಸಿಕ್ಕಿರುತ್ತದೆ. ಪಾಸಿಟಿವ್ ಕಂಟ್ರೋಲ್ ಚೆನ್ನಾಗಿ ಬಂದಿದೆ, ಸ್ಯಾಂಪಲ್ ಲೇನ್ ಖಾಲಿ. ಕಿಣ್ವ, ಪ್ರೈಮರ್, ಯಂತ್ರ ಎಲ್ಲವೂ ಸರಿಯಿದೆ ಎಂದು ಪಾಸಿಟಿವ್ ಕಂಟ್ರೋಲೇ ಸಾಕ್ಷಿ ಹೇಳಿದೆ, ಆದ್ದರಿಂದ ತಪ್ಪನ್ನು ನಮ್ಮ ಡಿಎನ್‌ಎಯಲ್ಲೇ ಹುಡುಕಬೇಕು. ಡಿಎನ್‌ಎ ಬಂದೇ ಇಲ್ಲದಿರಬಹುದು, ಇಲ್ಲವೇ ಅದರೊಳಗೆ ಉಳಿದ ಫಿನಾಲ್ ಅಥವಾ ಎಥನಾಲ್ ಕಿಣ್ವಕ್ಕೆ ಅಡ್ಡಿಯಾಗಿರಬಹುದು. ನೇರವಾಗಿ ಮಣ್ಣಿನಿಂದಲೇ ಡಿಎನ್‌ಎ ತೆಗೆದಿದ್ದರೆ ಹ್ಯೂಮಿಕ್ ಆಮ್ಲದ ಮೇಲೂ ಅನುಮಾನ ಬೇಕು. ಪರೀಕ್ಷಿಸುವ ದಾರಿ ಸುಲಭ: ಡಿಎನ್‌ಎಯನ್ನು ಹತ್ತು ಪಟ್ಟು ತೆಳುಮಾಡಿ ಮತ್ತೆ ಪಿಸಿಆರ್ ಮಾಡಿ. ತೆಳುಮಾಡಿದ ಮೇಲೆ ಬ್ಯಾಂಡ್ ಬಂದರೆ ಅಡ್ಡಿಪಡಿಸುವ ವಸ್ತು ಇದ್ದದ್ದು ಹೌದು. ಪಾಸಿಟಿವ್ ಕಂಟ್ರೋಲೂ ಖಾಲಿಯಿದ್ದರೆ ಮಾತ್ರ ಮಿಶ್ರಣದಲ್ಲಿ ಏನಾದರೂ ಬಿಟ್ಟುಹೋಯಿತೇ ಎಂದು ನೋಡಬೇಕು.

ಎಲ್ಲವೂ ಸರಿಯಾಗಿ ಬಂದವರಿಗೂ ಒಂದು ಪ್ರಶ್ನೆ ಉಳಿದಿರುತ್ತದೆ: “1500ರಲ್ಲಿ ಬ್ಯಾಂಡ್ ಇದೆ. ಇದು ಬ್ಯಾಸಿಲಸ್ ಅಂತ ಬರೆದಿದ್ದೀಯ. ಹೇಗೆ ಗೊತ್ತಾಯಿತು?” ಜೆಲ್‌ನಿಂದ ಗೊತ್ತಾಗುವುದಿಲ್ಲ ಎಂಬುದೇ ಉತ್ತರ. ಜೆಲ್ ತುಣುಕಿನ ಉದ್ದವನ್ನು ಹೇಳುತ್ತದೆ, ಅಕ್ಷರಗಳನ್ನು ಹೇಳುವುದಿಲ್ಲ. ಯಾವ ಬ್ಯಾಕ್ಟೀರಿಯಾ ಹಾಕಿದರೂ ಈ ಪ್ರೈಮರ್‌ಗೆ ಬ್ಯಾಂಡ್ ಹೆಚ್ಚುಕಡಿಮೆ ಅಲ್ಲೇ ಬರುತ್ತದೆ. ಕುಲದ ಹೆಸರು ಬೇಕಾದರೆ ಆ ತುಣುಕನ್ನು ಸೀಕ್ವೆನ್ಸಿಂಗ್‌ಗೆ ಕಳಿಸಿ, ಬಂದ ಅಕ್ಷರಸರಣಿಯನ್ನು ಬ್ಲಾಸ್ಟ್‌ನಲ್ಲಿ ಹೋಲಿಸಬೇಕು. ಆಗಲೂ ಬ್ಯಾಸಿಲಸ್‌ನ ಹತ್ತಿರದ ಪ್ರಭೇದಗಳಲ್ಲಿ 16ಎಸ್ ಬಹುತೇಕ ಒಂದೇ ರೀತಿ ಇರುವುದರಿಂದ, ಪ್ರಭೇದದ ಹೆಸರು ಬರೆಯಲು ಬೇರೊಂದು ಜೀನನ್ನೂ ನೋಡಬೇಕಾಗುತ್ತದೆ.