ಸ್ಕ್ರೀನ್‌ಶಾಟ್ ಹೇಳುವ ಸಮಯ

ಆ್ಯಪ್ ಕೈಕೊಟ್ಟಾಗ ಬರುವ ಸ್ಕ್ರೀನ್‌ಶಾಟ್‌ನಲ್ಲಿ ಎಲ್ಲರ ಕಣ್ಣೂ ಮೊದಲು ಹೋಗುವುದು ನಡುವಿನ ದೋಷಸಂದೇಶದ ಮೇಲೆ. ಆದರೆ ನೆತ್ತಿಯ ಮೇಲಿನ ಸಣ್ಣ ಪಟ್ಟಿ ಎಷ್ಟೋ ಸಲ ಅದಕ್ಕಿಂತ ಹೆಚ್ಚು ಹೇಳುತ್ತದೆ. ಚಿತ್ರವನ್ನು ಕತ್ತರಿಸದೆ ಇಡಿಯಾಗಿ ಕಳಿಸಬೇಕೆನ್ನುವುದು ಇದಕ್ಕಾಗಿಯೇ.

ಒಂದು ಉದಾಹರಣೆ: ಕಚೇರಿಯ ಆ್ಯಪ್‌ಗೆ ಲಾಗಿನ್ ಆಗುವ ಪರದೆ, ಕೆಳಗೆ ಕೆಂಪಕ್ಷರದಲ್ಲಿ `Invalid code`. ಜೊತೆಗೆ ಬಂದಿರುವುದು ‘ವರ್ಕ್ ಆಗ್ತಿಲ್ಲ’ ಎಂಬ ಎರಡೇ ಮಾತು. ಪರದೆಯ ಸಾಲನ್ನು ಪೂರ್ತಿ ಓದಿದರೆ, ಅಥೆಂಟಿಕೇಟರ್ ಆ್ಯಪ್ ತೋರಿಸುವ ಆರಂಕಿಯ ಸಂಖ್ಯೆಯನ್ನು ಹಾಕಲು ಹೇಳಿದೆ. ಎಸ್‌ಎಂಎಸ್‌ನಲ್ಲಿ ಬಂದ ಒಟಿಪಿಯನ್ನಲ್ಲ. ಈ ವ್ಯತ್ಯಾಸವೇ ಮುಖ್ಯ. ಎಸ್‌ಎಂಎಸ್ ಒಟಿಪಿಯನ್ನು ಸರ್ವರ್ ತಾನೇ ಹುಟ್ಟಿಸಿ ಕಳಿಸುತ್ತದೆ. ಅಥೆಂಟಿಕೇಟರ್‌ನ ಸಂಖ್ಯೆ ಹಾಗಲ್ಲ. ಮೊದಲ ಸಲ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದಾಗ ಸಿಕ್ಕ ಗುಟ್ಟಿನ ಕೀಲಿಯನ್ನೂ ಆ ಕ್ಷಣದ ಸಮಯವನ್ನೂ ಸೇರಿಸಿ ಫೋನ್ ಅದನ್ನು ಲೆಕ್ಕಹಾಕುತ್ತದೆ. ಸರ್ವರ್ ತನ್ನ ಕಡೆ ಅದೇ ಲೆಕ್ಕ ಮಾಡುತ್ತದೆ. ಸಾಮಾನ್ಯವಾಗಿ ಪ್ರತಿ 30 ಸೆಕೆಂಡಿಗೆ ಸಂಖ್ಯೆ ಬದಲು. ಎರಡು ಗಡಿಯಾರಗಳೂ ಹೊಂದಿದರಷ್ಟೇ ಉತ್ತರ ಹೊಂದುತ್ತದೆ.

ಈಗ ಮೇಲಿನ ಪಟ್ಟಿ ನೋಡಬೇಕು. ಅಲ್ಲಿ 9:40 ಎಂದಿದೆ, ಚಿತ್ರ ತಲುಪಿದ್ದು 9:47ಕ್ಕೆ. ಏಳು ನಿಮಿಷ ಎಂದರೆ ಹದಿನಾಲ್ಕು ಸಂಖ್ಯೆಗಳಷ್ಟು ಹಿಂದೆ. ಹೆಚ್ಚಿನ ಸರ್ವರ್‌ಗಳು ಒಂದು ಸಂಖ್ಯೆಯಷ್ಟು ಹಿಂದುಮುಂದನ್ನು ಒಪ್ಪಬಹುದು, ಇಷ್ಟನ್ನಲ್ಲ. ಉಳಿದ ಆ್ಯಪ್‌ಗಳಿಗೆ ಏಳು ನಿಮಿಷದ ತಪ್ಪು ಸಾಮಾನ್ಯವಾಗಿ ಅಡ್ಡಿಯಾಗದು. ಹಾಗಾಗಿ ಫೋನ್‌ನ ಮೇಲೆ ಯಾರಿಗೂ ಸಂಶಯ ಬರುವುದಿಲ್ಲ.

ಆದರೂ ತೀರ್ಮಾನಕ್ಕೆ ಅವಸರ ಸಲ್ಲದು. ಚಿತ್ರ ತೆಗೆದು ಏಳು ನಿಮಿಷ ಬಿಟ್ಟು ಕಳಿಸಿರಲೂಬಹುದು. ‘ಏನಾಯ್ತು?’ ಎಂದು ಕೇಳಿದರೆ ಮತ್ತೆ ‘ವರ್ಕ್ ಆಗ್ತಿಲ್ಲ’ ಎಂದೇ ಉತ್ತರ ಬರುತ್ತದೆ. ಅದರ ಬದಲು ‘ಈಗಲೇ ಇನ್ನೊಂದು ಸ್ಕ್ರೀನ್‌ಶಾಟ್ ತೆಗೆದು ತಕ್ಷಣ ಕಳಿಸಿ’ ಎನ್ನುವುದು ಲೇಸು. ಅದರಲ್ಲೂ ಏಳು ನಿಮಿಷ ಕಡಿಮೆಯಿದ್ದರೆ ಫೋನ್‌ನ ಗಡಿಯಾರವೇ ಹಿಂದುಳಿದಿದೆ.

ಪರಿಹಾರ ಸುಲಭ. ಸೆಟ್ಟಿಂಗ್ಸ್‌ನಲ್ಲಿ ದಿನಾಂಕ ಮತ್ತು ಸಮಯದ ವಿಭಾಗ ತೆರೆದು, ಸಮಯವನ್ನು ತಾನಾಗಿಯೇ ಹೊಂದಿಸಿಕೊಳ್ಳುವ ಆಯ್ಕೆಯನ್ನು ಆನ್ ಮಾಡಬೇಕು. ಕೈಯಿಂದ ಮುಳ್ಳು ತಿರುಗಿಸಿದಂತೆ ಸಮಯ ತಿದ್ದುವುದು ಸರಿಯಲ್ಲ. ಟೈಮ್ ಝೋನ್ ತಪ್ಪಾಗಿ ಲಂಡನ್ನಿನದಿದ್ದು, ಗಂಟೆಯನ್ನು ಮಾತ್ರ ಇಲ್ಲಿನದಕ್ಕೆ ತಿದ್ದಿದರೆ, ಪರದೆಯ ಮೇಲೆ ಸಮಯ ಸರಿಯಾಗಿ ಕಂಡರೂ ಫೋನ್‌ನ ಒಳಲೆಕ್ಕ ಗಂಟೆಗಟ್ಟಲೆ ತಪ್ಪಿರುತ್ತದೆ. ಇಂಥ ಫೋನ್‌ನ ಸ್ಕ್ರೀನ್‌ಶಾಟ್ ಏನನ್ನೂ ಬಿಟ್ಟುಕೊಡುವುದಿಲ್ಲ; ಭಾರತದಲ್ಲಿರುವವರ ಸೆಟ್ಟಿಂಗ್ಸ್‌ನಲ್ಲಿ `GMT+05:30` ಇದೆಯೇ ಎಂದು ಕೇಳಿಯೇ ತಿಳಿಯಬೇಕು.

ಗಡಿಯಾರ, ಝೋನ್ ಎರಡೂ ಸರಿಯಿದ್ದರೆ ಕಾರಣ ಕೀಲಿಯಲ್ಲಿರುತ್ತದೆ: ಅಥೆಂಟಿಕೇಟರ್‌ನಲ್ಲಿ ಬೇರೆ ಖಾತೆಯ ಸಂಖ್ಯೆ ನೋಡಿ ಹಾಕಿರಬಹುದು, ಇಲ್ಲವೇ ಖಾತೆಯನ್ನು ಹೊಸದಾಗಿ ಜೋಡಿಸಿದ ಮೇಲೂ ಹಳೆಯ ನಮೂದನ್ನೇ ಬಳಸುತ್ತಿರಬಹುದು. ಅಲ್ಲಿಯವರೆಗೆ ಸಂಖ್ಯೆಯನ್ನು ಮತ್ತೆ ಮತ್ತೆ ಹಾಕದಿರುವುದು ಒಳ್ಳೆಯದು. ಹಲವು ಸಲ ತಪ್ಪಿದರೆ ಖಾತೆಯೇ ಲಾಕ್ ಆಗಬಹುದು, ಆಗ ಬರುವ ಸ್ಕ್ರೀನ್‌ಶಾಟ್‌ನಲ್ಲಿ ಮೂಲ ದೋಷದ ಸುಳಿವೂ ಉಳಿದಿರುವುದಿಲ್ಲ.