ಕೆಂಪು ಬಟನ್ ಒತ್ತಿದರೆ ನಿಲ್ಲುವುದು ಏನು?

ಯಂತ್ರದ ಎಮರ್ಜೆನ್ಸಿ ಸ್ಟಾಪ್ ಬಟನ್ ಒತ್ತಿದಾಗ ಮೂರು ಸಂಗತಿಗಳಲ್ಲಿ ಒಂದು ನಿಲ್ಲಬಹುದು: ಮೋಟಾರಿಗೆ ಹೋಗುವ ಕರೆಂಟು, ಮೋಟಾರು ಹುಟ್ಟಿಸುವ ತಿರುಗುಬಲ ಅಂದರೆ ಟಾರ್ಕ್, ಇಲ್ಲವೇ ಚಕ್ರದ ಚಲನೆ. ಒಂದು ನಿಂತರೆ ಉಳಿದೆರಡೂ ನಿಂತವೆಂದು ಭಾವಿಸುವುದರಿಂದಲೇ ಅನೇಕ ಅಪಾಯಗಳು ಹುಟ್ಟುತ್ತವೆ. ಮೋಟಾರನ್ನು ನೇರವಾಗಿ ಲೈನಿಗೆ ಜೋಡಿಸುತ್ತಿದ್ದ ಕಾಲದಲ್ಲಿ ಕರೆಂಟು ಕಡಿದರೆ ಟಾರ್ಕ್ ಕೂಡ ಹೋಗುತ್ತಿತ್ತು. ಭಾರತದ 1948ರ ಕಾರ್ಖಾನೆ ಕಾಯ್ದೆಯ 24ನೇ ಸೆಕ್ಷನ್ ಕೂಡ, ಓಡುತ್ತಿರುವ ಯಂತ್ರದ ಶಕ್ತಿಯನ್ನು ತುರ್ತಿನಲ್ಲಿ ಕಡಿಯುವ ಸಾಧನ ಪ್ರತಿ ಕೆಲಸದ ಕೋಣೆಯಲ್ಲೂ ಇರಬೇಕೆಂದೇ ಹೇಳಿತು. ಮೋಟಾರಿಗೂ ಲೈನಿಗೂ ನಡುವೆ ವೇಗ ನಿಯಂತ್ರಿಸುವ ಡ್ರೈವ್ ಬಂದ ಮೇಲೆ ಈ ಲೆಕ್ಕ ಅಷ್ಟು ಸರಳವಾಗಿ ಉಳಿಯಲಿಲ್ಲ.

ಕಾಂಟ್ಯಾಕ್ಟರ್ ಎಂಬುದು ಕಾಯಿಲ್‌ನ ಬಲದಿಂದ ಮುಚ್ಚಿಕೊಳ್ಳುವ ದೊಡ್ಡ ಸ್ವಿಚ್ಚು. ಬಟನ್ ಒತ್ತಿದರೆ ಕಾಯಿಲ್‌ಗೆ ಹೋಗುವ ಕರೆಂಟು ನಿಲ್ಲುತ್ತದೆ, ಸ್ಪ್ರಿಂಗ್ ಕಾಂಟ್ಯಾಕ್ಟುಗಳನ್ನು ಬಿಡಿಸುತ್ತದೆ. ಇದರ ಮುಖ್ಯ ದೋಷ ಕಾಂಟ್ಯಾಕ್ಟುಗಳು ಬೆಸೆದುಕೊಳ್ಳುವುದು. ಪದೇ ಪದೇ ಹೊತ್ತುವ ಕಿಡಿಯಿಂದ ಅವು ಕರಗಿ ಅಂಟಿಕೊಂಡರೆ ಕಾಯಿಲ್ ಬಿಟ್ಟರೂ ಸರ್ಕ್ಯೂಟ್ ಕಡಿಯುವುದಿಲ್ಲ. ಆದ್ದರಿಂದ ಸುರಕ್ಷತೆಗೆಂದು ಬಳಸುವಾಗ ಎರಡು ಕಾಂಟ್ಯಾಕ್ಟರುಗಳನ್ನು ಒಂದರ ಹಿಂದೆ ಒಂದರಂತೆ ಜೋಡಿಸುತ್ತಾರೆ. ಪ್ರತಿಯೊಂದರಲ್ಲೂ ಮುಖ್ಯ ಕಾಂಟ್ಯಾಕ್ಟು ಅಂಟಿಕೊಂಡಿದ್ದರೆ ಮುಚ್ಚದೇ ಉಳಿಯುವ ಮಿರರ್ ಕಾಂಟ್ಯಾಕ್ಟ್ ಒಂದಿರುತ್ತದೆ. ಸೇಫ್ಟಿ ರಿಲೇ ಅದನ್ನು ಓದಿ, ಎರಡೂ ನಿಜವಾಗಿ ಬಿಟ್ಟಿವೆಯೆಂದು ಖಾತ್ರಿಯಾದರೆ ಮಾತ್ರ ಮತ್ತೆ ಚಾಲೂ ಮಾಡಲು ಬಿಡುತ್ತದೆ. ನೇರವಾಗಿ ಲೈನಿಗೆ ಜೋಡಿಸಿದ ಮೋಟಾರಿಗೆ ಈ ವ್ಯವಸ್ಥೆ ಇಂದಿಗೂ ಒಳ್ಳೆಯದೇ.

ಡ್ರೈವ್ ಇದ್ದಲ್ಲಿ ಕಾಂಟ್ಯಾಕ್ಟರನ್ನು ಎಲ್ಲಿ ಇಡಬೇಕೆಂಬುದೇ ಮೊದಲ ಪ್ರಶ್ನೆ. ಡ್ರೈವ್ 415 ವೋಲ್ಟಿನ ಮೂರು ಫೇಸ್ ಎಸಿಯನ್ನು ಡಿಸಿ ಮಾಡಿ, ಸುಮಾರು 590 ವೋಲ್ಟಿನಲ್ಲಿ ಕೆಪಾಸಿಟರುಗಳಲ್ಲಿ ತುಂಬಿಕೊಳ್ಳುತ್ತದೆ. ಆಮೇಲೆ ಐಜಿಬಿಟಿ ಎಂಬ ಆರು ಎಲೆಕ್ಟ್ರಾನಿಕ್ ಸ್ವಿಚ್ಚುಗಳು ಆ ಡಿಸಿಯನ್ನು ಸೆಕೆಂಡಿಗೆ ಸಾವಿರಾರು ಬಾರಿ ಕತ್ತರಿಸಿ ಮೋಟಾರಿಗೆ ಬೇಕಾದ ಎಸಿಯನ್ನು ಕಟ್ಟುತ್ತವೆ. ಕಾಂಟ್ಯಾಕ್ಟರ್ ಲೈನಿನ ಕಡೆಗಿದ್ದರೆ, ಅದು ಬಿಟ್ಟ ಮೇಲೂ ಕೆಪಾಸಿಟರಿನಲ್ಲಿ ಚಾರ್ಜ್ ಉಳಿದಿರುತ್ತದೆ. ಪೂರ್ಣ ಲೋಡಿನಲ್ಲಿ ಅದು ಕ್ಷಣಾರ್ಧದಲ್ಲಿ ಖಾಲಿಯಾಗಬಹುದು. ಆದರೆ ಮೋಟಾರು ಹಗುರಾಗಿ ಓಡುತ್ತಿದ್ದರೆ, ಅಥವಾ ಕರೆಂಟು ಹೋದಾಗ ತಿರುಗುವ ಚಕ್ರದ ಶಕ್ತಿಯಿಂದಲೇ ಬಸ್ ತುಂಬಿಸಿಕೊಳ್ಳುವ ಸೌಲಭ್ಯ ಚಾಲೂ ಇದ್ದರೆ, ಡ್ರೈವ್ ಇನ್ನೂ ಕೆಲಹೊತ್ತು ಮೋಟಾರನ್ನು ಹಿಡಿದಿರುತ್ತದೆ. ಮತ್ತೆ ಕರೆಂಟು ಕೊಡುವಾಗ ಕೆಪಾಸಿಟರ್ ತುಂಬುವ ರೆಸಿಸ್ಟರ್ ಪ್ರತಿ ಸಲವೂ ಬಿಸಿಯಾಗುವುದರಿಂದ, ಲೈನನ್ನು ಪದೇ ಪದೇ ಹಾಕಿ ತೆಗೆದರೆ ಡ್ರೈವ್ ಬೇಗ ಹಾಳಾಗುತ್ತದೆ. ಗಂಟೆಗೆ ಹತ್ತಾರು ಬಾರಿ ಬಾಗಿಲು ತೆಗೆಯುವ ಯಂತ್ರಕ್ಕೆ ಈ ವಿಧಾನ ಹೊಂದುವುದೇ ಇಲ್ಲ.

ಕಾಂಟ್ಯಾಕ್ಟರನ್ನು ಡ್ರೈವ್ ಮತ್ತು ಮೋಟಾರಿನ ನಡುವೆ ಇಟ್ಟರೆ ತೊಂದರೆ ಬೇರೆ. 50 ಹರ್ಟ್ಸ್ ಎಸಿಯಲ್ಲಿ ಕರೆಂಟು ಸೆಕೆಂಡಿಗೆ ನೂರು ಬಾರಿ ಸೊನ್ನೆಯನ್ನು ಹಾಯುತ್ತದೆ, ಕಿಡಿ ಆ ಕ್ಷಣದಲ್ಲಿ ಆರುತ್ತದೆ. ಡ್ರೈವ್ ಮೋಟಾರನ್ನು 2 ಅಥವಾ 3 ಹರ್ಟ್ಸಿನಲ್ಲಿ ನಿಧಾನವಾಗಿ ತಿರುಗಿಸುತ್ತಿದ್ದರೆ ಕಾಂಟ್ಯಾಕ್ಟಿಗೆ ಅದು ಹೆಚ್ಚುಕಡಿಮೆ ಡಿಸಿಯೇ, ಕಿಡಿ ಆರದೆ ಉರಿಯುತ್ತದೆ. ಓಡುತ್ತಿರುವ ಡ್ರೈವಿಗೆ ಕಾಂಟ್ಯಾಕ್ಟರ್ ಮತ್ತೆ ಮುಚ್ಚಿದರೆ ಕರೆಂಟು ನುಗ್ಗಿ ಡ್ರೈವ್ ಟ್ರಿಪ್ ಆಗುತ್ತದೆ.

ಸೇಫ್ ಟಾರ್ಕ್ ಆಫ್, ಚಿಕ್ಕದಾಗಿ ಎಸ್‌ಟಿಒ, ಈ ಕೆಲಸವನ್ನು ಬೇರೆ ಜಾಗದಲ್ಲಿ ಮಾಡುತ್ತದೆ. ಅದು ವಿದ್ಯುತ್ತಿನ ದಾರಿಯನ್ನು ಕಡಿಯುವುದಿಲ್ಲ, ಐಜಿಬಿಟಿಗಳನ್ನು ಆನ್ ಮಾಡುವ ಪಲ್ಸುಗಳನ್ನು ಕಡಿಯುತ್ತದೆ. ಡ್ರೈವಿನಲ್ಲಿ ಸಾಮಾನ್ಯವಾಗಿ 24 ವೋಲ್ಟಿನ ಎರಡು ಎಸ್‌ಟಿಒ ಟರ್ಮಿನಲ್‌ಗಳಿರುತ್ತವೆ. ಎರಡಕ್ಕೂ 24 ವೋಲ್ಟ್ ಇದ್ದರೆ ಮಾತ್ರ ಪಲ್ಸುಗಳು ಸ್ವಿಚ್ಚುಗಳಿಗೆ ತಲುಪುತ್ತವೆ. ಯಾವುದೇ ಒಂದು ಹೋದರೂ ಪಲ್ಸ್ ನಿಲ್ಲುತ್ತದೆ, ಅದೂ ಕೆಲವೇ ಮಿಲಿಸೆಕೆಂಡುಗಳಲ್ಲಿ. ಡ್ರೈವಿನ ಸಾಫ್ಟ್‌ವೇರ್ ಕೆಟ್ಟು ನಿಂತಿದ್ದರೂ ಪಲ್ಸುಗಳನ್ನು ತಡೆಯುವ ದಾರಿ ಹಾರ್ಡ್‌ವೇರಿನಲ್ಲೇ ಇರುವಂತೆ ಕಟ್ಟಿರುತ್ತಾರೆ. ಮಾಮೂಲಿ ಸ್ಟಾಪ್ ಅಥವಾ ಎನೇಬಲ್ ಟರ್ಮಿನಲ್ ಸಾಫ್ಟ್‌ವೇರಿನ ಮರ್ಜಿಯಲ್ಲಿರುವುದರಿಂದ ಅದು ಎಸ್‌ಟಿಒಗೆ ಬದಲಿಯಾಗದು.

ಇಲ್ಲಿ ಒಂದು ನ್ಯಾಯವಾದ ಅನುಮಾನವಿದೆ: ಐಜಿಬಿಟಿಯೇ ಸುಟ್ಟು ಶಾರ್ಟ್ ಆದರೆ? ಮೋಟಾರು ತಿರುಗುತ್ತಲೇ ಇರಲು ಆರೂ ಸ್ವಿಚ್ಚುಗಳು ಸರಿಯಾದ ಕ್ರಮದಲ್ಲಿ ಎಡೆಬಿಡದೆ ಆನ್-ಆಫ್ ಆಗಬೇಕು. ಒಂದು ಶಾರ್ಟ್ ಆದರೆ ಏನೂ ಆಗದು. ಬೇರೆ ಬೇರೆ ಫೇಸಿನ ಎರಡು ಒಟ್ಟಿಗೆ ಶಾರ್ಟ್ ಆದರೆ ಮೋಟಾರಿಗೆ ಡಿಸಿ ಹೋಗುತ್ತದೆ, ಸಾಮಾನ್ಯ ಇಂಡಕ್ಷನ್ ಮೋಟಾರು ಅದರಿಂದ ತಿರುಗುತ್ತಲೇ ಇರಲಾರದು. ಶಾಶ್ವತ ಅಯಸ್ಕಾಂತದ ಸರ್ವೋ ಮೋಟಾರು ಮಾತ್ರ ಒಮ್ಮೆ ಹೊರಳಬಹುದು, 8 ಧ್ರುವಗಳದಾದರೆ ಗರಿಷ್ಠ 45 ಡಿಗ್ರಿ. ಆ ಒಂದು ಹೊರಳಿಕೆಯೇ ಬೆರಳಿಗೆ ಅಪಾಯವಾಗುವ ಯಂತ್ರವಾದರೆ ವಿನ್ಯಾಸಕಾರ ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಎಸ್‌ಟಿಒ ಬ್ರೇಕ್ ಹಾಕುವುದಿಲ್ಲ. ಅದು ಟಾರ್ಕನ್ನು ತೆಗೆಯುತ್ತದೆ, ಚಕ್ರ ತನ್ನ ಪಾಡಿಗೆ ತಿರುಗಿ ನಿಲ್ಲುತ್ತದೆ. ಈ ಕಾರಣಕ್ಕೇ ನಿಲ್ಲಿಸುವ ವಿಧಾನಗಳನ್ನು ಐಇಸಿ 60204-1 ಮಾನದಂಡ ಮೂರು ವರ್ಗ ಮಾಡಿದೆ. ಶೂನ್ಯ ವರ್ಗದಲ್ಲಿ ಶಕ್ತಿಯನ್ನು ತಕ್ಷಣ ಕಡಿಯುತ್ತಾರೆ. ಬರೀ ಕಾಂಟ್ಯಾಕ್ಟರ್ ಮತ್ತು ಬರೀ ಎಸ್‌ಟಿಒ, ಎರಡೂ ಇಲ್ಲಿಗೇ ಸೇರುತ್ತವೆ. ಒಂದನೇ ವರ್ಗದಲ್ಲಿ ಶಕ್ತಿ ಇರುವಾಗಲೇ ಡ್ರೈವ್ ಮೋಟಾರನ್ನು ಹಿಡಿದು ನಿಲ್ಲಿಸುತ್ತದೆ, ನಿಂತ ಮೇಲೆ ಶಕ್ತಿ ಕಡಿಯುತ್ತದೆ. ಎರಡನೇ ವರ್ಗದಲ್ಲಿ ನಿಂತ ಮೇಲೂ ಶಕ್ತಿ ಉಳಿದು ಮೋಟಾರು ಇದ್ದ ಜಾಗದಲ್ಲೇ ಹಿಡಿದಿರುತ್ತದೆ. ಎಮರ್ಜೆನ್ಸಿ ಸ್ಟಾಪ್‌ಗೆ ಶೂನ್ಯ ಮತ್ತು ಒಂದನೇ ವರ್ಗಗಳಿಗೆ ಮಾತ್ರ ಅವಕಾಶ. ಯಾವುದು ಎಂಬುದನ್ನು ಯಂತ್ರದ ಅಪಾಯ ನೋಡಿ ತೀರ್ಮಾನಿಸಬೇಕು. ಬಟನ್ ಒತ್ತಿದ ತಕ್ಷಣ ಎಲ್ಲವನ್ನೂ ಕಡಿಯುವುದೇ ಹೆಚ್ಚು ಸುರಕ್ಷಿತ ಎಂಬ ಹಳೆಯ ನಂಬಿಕೆ ಅನೇಕ ಕಡೆ ತಪ್ಪು ದಾರಿಗೆ ಎಳೆಯುತ್ತದೆ.

ಸಾ ಮಿಲ್ಲಿನ ಬ್ಯಾಂಡ್ ಸಾ ಒಂದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಹುದು. ಮೋಟಾರು 7.5 ಕಿಲೋವ್ಯಾಟ್, ವೇಗ ನಿಮಿಷಕ್ಕೆ 1500 ಸುತ್ತು, ಅಂದರೆ ಸೆಕೆಂಡಿಗೆ 157 ರೇಡಿಯನ್. ಬ್ಲೇಡ್ ಹೊತ್ತ ಎರಡು ದೊಡ್ಡ ಚಕ್ರಗಳ ಜಡತ್ವ ಮೋಟಾರಿನ ಅಕ್ಷಕ್ಕೆ ಲೆಕ್ಕ ಹಾಕಿದಾಗ 2 ಕಿಲೋಗ್ರಾಂ ಚದರ ಮೀಟರ್ ಇದೆಯೆಂದು ಇಟ್ಟುಕೊಂಡರೆ, ಅವುಗಳಲ್ಲಿ ಅಡಗಿರುವ ಶಕ್ತಿ ಸುಮಾರು 25 ಕಿಲೋಜೂಲ್. ಒಂದು ಟನ್ ತೂಕದ ಕಾರು ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ಸಾಗುವಾಗ ಇರುವಷ್ಟೇ. ಬೇರಿಂಗ್ ಮತ್ತು ಗಾಳಿಯ ತಡೆ 4 ನ್ಯೂಟನ್ ಮೀಟರ್ ಎಂದುಕೊಂಡರೆ, ಕಾಂಟ್ಯಾಕ್ಟರ್ ಬಿಡಲಿ, ಎಸ್‌ಟಿಒ ಬೀಳಲಿ, ಬ್ಲೇಡ್ ನಿಲ್ಲಲು ಸುಮಾರು 78 ಸೆಕೆಂಡ್ ಬೇಕು. ಬಟನ್ ಒತ್ತಿದವನ ಕೈಯ ಹತ್ತಿರ ಬ್ಲೇಡ್ ಒಂದು ನಿಮಿಷಕ್ಕೂ ಹೆಚ್ಚು ಓಡುತ್ತಲೇ ಇರುತ್ತದೆ.

ಅದೇ ಮೋಟಾರನ್ನು ಡ್ರೈವ್ ಹಿಮ್ಮುಖ ಟಾರ್ಕಿನಿಂದ ತಡೆದರೆ ಸುಮಾರು 48 ನ್ಯೂಟನ್ ಮೀಟರ್ ಹೆಚ್ಚುವರಿಯಾಗಿ ಸಿಗುತ್ತದೆ, ನಿಲ್ಲುವ ಸಮಯ 6 ಸೆಕೆಂಡಿಗೆ ಇಳಿಯುತ್ತದೆ. ಆ 25 ಕಿಲೋಜೂಲ್ ಎಲ್ಲಾದರೂ ಹೋಗಬೇಕಲ್ಲ. ಬ್ರೇಕಿನ ಆರಂಭದಲ್ಲಿ 7 ಕಿಲೋವ್ಯಾಟಿಗೂ ಹೆಚ್ಚಿನ ಶಕ್ತಿ ಮೋಟಾರಿನಿಂದ ಡ್ರೈವಿನತ್ತ ಹರಿಯುತ್ತದೆ, ಅದನ್ನು ಸುಡಲು ಬ್ರೇಕಿಂಗ್ ರೆಸಿಸ್ಟರ್ ಬೇಕು. ರೆಸಿಸ್ಟರ್ ಇಲ್ಲದಿದ್ದರೆ ಡಿಸಿ ಬಸ್ ವೋಲ್ಟೇಜ್ ಏರಿ ಡ್ರೈವ್ ಟ್ರಿಪ್ ಆಗುತ್ತದೆ, ಬ್ಲೇಡ್ ಮತ್ತೆ 78 ಸೆಕೆಂಡಿನ ದಾರಿ ಹಿಡಿಯುತ್ತದೆ.

ಹೀಗೆ ಬ್ರೇಕ್ ಹಾಕಿ ಆಮೇಲೆ ಎಸ್‌ಟಿಒ ಕೊಡುವುದಕ್ಕೆ ಸೇಫ್ ಸ್ಟಾಪ್ 1 ಎಂದು ಹೆಸರು. ಇದರ ಸರಳ ರೂಪದಲ್ಲಿ ಸೇಫ್ಟಿ ರಿಲೇ ಬಟನ್ ಒತ್ತಿದ ಕೂಡಲೇ ಡ್ರೈವಿಗೆ ನಿಲ್ಲುವ ಆಜ್ಞೆ ಕೊಡುತ್ತದೆ, ನಿಗದಿತ ಹೊತ್ತು ಕಳೆದ ಮೇಲೆ ಎಸ್‌ಟಿಒ ಬೀಳಿಸುತ್ತದೆ. ಈ ಯಂತ್ರಕ್ಕೆ ಡ್ರೈವಿನಲ್ಲಿ 7 ಸೆಕೆಂಡಿನ ರ‍್ಯಾಂಪ್, ರಿಲೇಯಲ್ಲಿ 8 ಸೆಕೆಂಡಿನ ಟೈಮರ್ ಇಟ್ಟರೆ ಸರಿಹೊಂದುತ್ತದೆ. ಟೈಮರ್ 3 ಸೆಕೆಂಡಿಗಿದ್ದರೆ, ಬ್ಲೇಡ್ ಇನ್ನೂ ಅರ್ಧ ವೇಗಕ್ಕಿಂತ ಹೆಚ್ಚಿರುವಾಗಲೇ ಟಾರ್ಕ್ ಹೋಗಿ, ಉಳಿದ ಓಟವೆಲ್ಲ ಬ್ರೇಕಿಲ್ಲದೆ ಸಾಗುತ್ತದೆ. ಇದರ ಮಿತಿಯೂ ಸ್ಪಷ್ಟ: ಟೈಮರ್ ಹೊತ್ತನ್ನು ಎಣಿಸುತ್ತದೆಯೇ ಹೊರತು ವೇಗ ಇಳಿಯುತ್ತಿದೆಯೇ ಎಂದು ನೋಡುವುದಿಲ್ಲ. ಇಳಿಕೆಯನ್ನೇ ಗಮನಿಸಿ, ರ‍್ಯಾಂಪ್ ತಪ್ಪಿದರೆ ತಕ್ಷಣ ಎಸ್‌ಟಿಒ ಕೊಡುವ ರೂಪವೂ ಐಇಸಿ 61800-5-2 ಮಾನದಂಡದಲ್ಲಿದೆ. ಆದರೆ ಬ್ರೇಕೇ ಕೈಕೊಟ್ಟರೆ ಅದೂ ಓಟವನ್ನು ನಿಲ್ಲಿಸಲಾರದು. ಲೈನಿನ ಕರೆಂಟೇ ಹೋದರೂ ಇದೇ ಕಥೆ. ಹಾಗಾಗಿ ಬ್ಲೇಡಿನ ಗಾರ್ಡಿಗೆ, ಅದು ನಿಲ್ಲುವ ತನಕ ತೆರೆಯಲಾಗದ ಲಾಕ್ ಬೇಕೇ ಬೇಕು. ಎಮರ್ಜೆನ್ಸಿ ಸ್ಟಾಪ್ ಗಾರ್ಡಿಗೆ ಬದಲಿಯಲ್ಲ.

ಹಾಯ್ಸ್ಟ್, ಲಿಫ್ಟ್‌ಗಳಂಥ ಮೇಲೆ-ಕೆಳಗೆ ಚಲಿಸುವ ಯಂತ್ರಗಳಲ್ಲಿ ವಿಷಯ ತಿರುವುಮುರುವಾಗುತ್ತದೆ. ಅಲ್ಲಿ ಮೋಟಾರಿನ ಟಾರ್ಕೇ ಭಾರವನ್ನು ಹಿಡಿದಿರುವುದರಿಂದ, ಎಸ್‌ಟಿಒ ಬಿದ್ದ ಕ್ಷಣ ಭಾರ ಜಾರತೊಡಗುತ್ತದೆ. ಸ್ಪ್ರಿಂಗಿನಿಂದ ಹಿಡಿಯುವ ಬ್ರೇಕ್ ಮುಚ್ಚಿಕೊಳ್ಳಲು 100 ಮಿಲಿಸೆಕೆಂಡ್ ಬೇಕೆಂದರೆ, ಯಾವ ತಡೆಯೂ ಇಲ್ಲದೆ ಬೀಳುವ ವಸ್ತು ಆ ಹೊತ್ತಿಗೆ ಸುಮಾರು 5 ಸೆಂಟಿಮೀಟರ್ ಇಳಿದಿರುತ್ತದೆ. ಗೇರ್ ಮತ್ತು ಮೋಟಾರಿನ ಜಡತ್ವದಿಂದ ನಿಜದಲ್ಲಿ ಇಳಿಕೆ ಕಡಿಮೆ, ಆದರೂ ಬ್ರೇಕ್ ಮೊದಲು ಹಿಡಿದು ಟಾರ್ಕ್ ಆಮೇಲೆ ಹೋಗುವಂತೆ ಕ್ರಮ ಕಟ್ಟುವುದೇ ಸರಿ.

ವೈರಿಂಗಿನಲ್ಲಿ ಕಾಣುವ ತಪ್ಪುಗಳು ಬಹುಪಾಲು ಒಂದೇ ಬಗೆಯವು. ಅನೇಕ ಡ್ರೈವ್‌ಗಳು ಎಸ್‌ಟಿಒ ಟರ್ಮಿನಲ್‌ಗಳಿಗೆ 24 ವೋಲ್ಟಿನ ಜಂಪರ್ ಹಾಕಿದ ಸ್ಥಿತಿಯಲ್ಲೇ ಬರುತ್ತವೆ, ಅದನ್ನು ತೆಗೆಯದಿದ್ದರೆ ಬಟನ್ ಇದ್ದೂ ಇಲ್ಲದಂತೆ. ಎರಡೂ ಟರ್ಮಿನಲ್‌ಗಳನ್ನು ಒಂದೇ ತಂತಿಯಿಂದ ಕೊಟ್ಟರೆ, ಆ ತಂತಿ ಎಲ್ಲೋ ಸವೆದು 24 ವೋಲ್ಟಿಗೆ ತಗುಲಿದ ದಿನ ಎರಡು ದಾರಿಗಳೂ ಒಟ್ಟಿಗೆ ಕುರುಡಾಗುತ್ತವೆ. ರನ್ ಆಜ್ಞೆ ಚಾಲೂ ಇದ್ದಂತೆಯೇ ಬಟನ್ ಬಿಡಿಸಿದಾಗ ಮೋಟಾರು ತಾನೇ ಹೊರಡುವುದು ಇನ್ನೊಂದು ದೋಷ. ಬಟನ್ ಬಿಡಿಸಿದ ಮೇಲೆ ಹೊಸದಾಗಿ ಸ್ಟಾರ್ಟ್ ಒತ್ತಿದರೆ ಮಾತ್ರ ಓಡುವಂತೆ ಇರಬೇಕು. ಇವನ್ನು ಪತ್ತೆ ಹಚ್ಚುವ ದಾರಿ ಕಷ್ಟದ್ದಲ್ಲ. ಒಂದೊಂದು ಟರ್ಮಿನಲ್ಲಿನ ತಂತಿಯನ್ನು ಬೇರೆ ಬೇರೆಯಾಗಿ ಬಿಚ್ಚಿ ಮೋಟಾರು ಟಾರ್ಕ್ ಕಳೆದುಕೊಳ್ಳುವುದನ್ನು ನೋಡಬೇಕು, ಡ್ರೈವ್ ಆ ವ್ಯತ್ಯಾಸವನ್ನು ದೋಷವೆಂದು ತೋರಿಸುತ್ತದೆಯೇ ಗಮನಿಸಬೇಕು, ಆಮೇಲೆ ಪೂರ್ಣ ವೇಗದಿಂದ ಬಟನ್ ಒತ್ತಿ ನಿಲ್ಲುವ ಸಮಯವನ್ನು ಗಡಿಯಾರದಲ್ಲಿ ಅಳೆದು ಬರೆದಿಡಬೇಕು. ಮುಂದಿನ ಸಲ ಅದು 6ರಿಂದ 9 ಸೆಕೆಂಡಿಗೆ ಏರಿದ್ದರೆ ರೆಸಿಸ್ಟರ್ ಅಥವಾ ರ‍್ಯಾಂಪ್ ಸೆಟ್ಟಿಂಗ್ ಬದಲಾಗಿದೆಯೆಂದು ತಿಳಿಯುತ್ತದೆ.

ಎಸ್‌ಟಿಒ ಇದ್ದರೂ ಮೇನ್ ಸ್ವಿಚ್ ಬೇಕಾಗುವುದು ರಿಪೇರಿಗೆ. ಎಸ್‌ಟಿಒ ಬಿದ್ದಿರುವಾಗ ಮೋಟಾರು ಓಡದು, ಆದರೆ ಡಿಸಿ ಬಸ್ ಪೂರ್ತಿ ಜೀವಂತವಾಗಿರುತ್ತದೆ, ಮೋಟಾರಿನ ಟರ್ಮಿನಲ್ಲಿನಲ್ಲೂ ಅಪಾಯದ ವೋಲ್ಟೇಜ್ ಇರಬಹುದು. ಟರ್ಮಿನಲ್ ಬಾಕ್ಸ್ ತೆರೆಯುವ ಮೊದಲು ಐಸೊಲೇಟರ್ ತೆಗೆದು ಬೀಗ ಹಾಕಬೇಕು, ಡ್ರೈವಿನ ಮೇಲೆ ಬರೆದಿರುವಷ್ಟು ನಿಮಿಷ ಕಾಯಬೇಕು, ಡಿಸಿ ಬಸ್ಸಿನ ಎರಡು ಟರ್ಮಿನಲ್‌ಗಳ ನಡುವೆ ಮೀಟರಿಟ್ಟು ಚಾರ್ಜ್ ಇಳಿದಿದೆಯೆಂದು ಖಾತ್ರಿ ಮಾಡಿಕೊಳ್ಳಬೇಕು.